ಸತ್ಯ ಪರಿಶೀಲನೆ: ಎದೆ ಎಕ್ಸ್‌ರೇ ಸರಿಯಿದ್ದರೆ ಬೀಡಿ, ಸಿಗರೇಟಿನಿಂದ ಕ್ಯಾನ್ಸರ್ ಭಯವಿಲ್ಲವೇ?

ಹೇಳಿಕೆ: ಬೀಡಿ, ಸಿಗರೇಟು ಸೇದುವುದರಿಂದ ಕೆಡುವುದು ಶ್ವಾಸಕೋಶ ಮಾತ್ರ. ಎದೆ ಎಕ್ಸ್‌ರೇ ಸರಿಯಿದ್ದರೆ ಕ್ಯಾನ್ಸರ್ ಭಯ ಬೇಡ.

ಸತ್ಯಾಂಶ: ತಪ್ಪು. ಹೊಗೆಯ ವಿಷ ರಕ್ತದಲ್ಲಿ ಬೆರೆತು ಮೈಯೆಲ್ಲ ಸುತ್ತುತ್ತದೆ. ಮೂತ್ರಕೋಶ, ಮೇದೋಜ್ಜೀರಕ ಗ್ರಂಥಿ (ಪ್ಯಾಂಕ್ರಿಯಾಸ್) ಮತ್ತು ಗರ್ಭಕಂಠದ ಕ್ಯಾನ್ಸರಿಗೂ ಧೂಮಪಾನ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಗುರುತಿಸಿದೆ.

ಹೊಗೆ ಮೂತ್ರಕೋಶ ತಲುಪುವುದು ಹೇಗೆ?

ಕೊಡಗಿನ ಮಳೆಗಾಲದಲ್ಲಿ 'ಚಳಿಗೆ ಒಂದು ಬೀಡಿ' ಎನ್ನುವವರು ಕಡಿಮೆಯಿಲ್ಲ. ಆ ಒಂದು ಬೀಡಿಯ ಹೊಗೆಯನ್ನೇ ಹಿಂಬಾಲಿಸಿ ನೋಡೋಣ.

ತಂಬಾಕು ಉರಿದಾಗ ಆರೊಮ್ಯಾಟಿಕ್ ಅಮೀನ್ ಎಂಬ ರಾಸಾಯನಿಕಗಳು ಹುಟ್ಟುತ್ತವೆ. ಇವು ಶ್ವಾಸಕೋಶದಿಂದ ರಕ್ತಕ್ಕೆ, ರಕ್ತದಿಂದ ಯಕೃತ್ತಿಗೆ ಹೋಗುತ್ತವೆ. ಅವುಗಳನ್ನು ಹೊರಹಾಕುವ ಪ್ರಯತ್ನದಲ್ಲಿ ಯಕೃತ್ತು ರೂಪ ಬದಲಿಸಿ ಕಳಿಸುತ್ತದೆ, ಮೂತ್ರಪಿಂಡ ಸೋಸುತ್ತದೆ. ಕೊನೆಗೆ ಅವು ಮೂತ್ರದೊಂದಿಗೆ ಮೂತ್ರಕೋಶದಲ್ಲಿ ಗಂಟೆಗಟ್ಟಲೆ ನಿಲ್ಲುತ್ತವೆ. ಅಲ್ಲಿ ಅವು ಮತ್ತೆ ಚುರುಕಾಗಿ ಒಳಪದರದ ಜೀವಕೋಶಗಳ ಡಿಎನ್‌ಎಗೆ ಅಂಟಿಕೊಂಡು ಹಾನಿ ಮಾಡುತ್ತವೆ. ಇದು ದಿನವೂ, ವರ್ಷಗಟ್ಟಲೆ ನಡೆದರೆ ಗಡ್ಡೆ ಬೆಳೆಯಬಹುದು.

ಈ ರಾಸಾಯನಿಕಗಳ ಕಥೆ ಬೆಳಕಿಗೆ ಬಂದದ್ದು ಬೀಡಿಯಿಂದಲ್ಲ, ಬಣ್ಣದ ಕಾರ್ಖಾನೆಯಿಂದ. 1895ರಲ್ಲಿ ಜರ್ಮನಿಯ ಶಸ್ತ್ರವೈದ್ಯ ಲುಡ್ವಿಗ್ ರೆನ್ ಬಣ್ಣ ತಯಾರಿಸುವ ಕಾರ್ಮಿಕರ ಮೂತ್ರಕೋಶದಲ್ಲಿ ಗಡ್ಡೆಗಳಾಗುತ್ತಿರುವುದನ್ನು ವರದಿ ಮಾಡಿದರು. ಮುಂದೆ ಅದಕ್ಕೆ ಕಾರಣವೆಂದು ಪತ್ತೆಯಾದ 2-ನ್ಯಾಫ್ಥೈಲಮೀನ್ ತಂಬಾಕಿನ ಹೊಗೆಯಲ್ಲೂ ಇದೆ. ಸೇದದವರಿಗೆ ಹೋಲಿಸಿದರೆ ಸೇದುವವರಲ್ಲಿ ಮೂತ್ರಕೋಶದ ಕ್ಯಾನ್ಸರ್ ಅಪಾಯ ಸುಮಾರು 3 ಪಟ್ಟು.

ಎಲ್ಲಿ ಎಡವುತ್ತೇವೆ?

ಒಂದು ಉದಾಹರಣೆ ತೆಗೆದುಕೊಳ್ಳೋಣ. ಕಾಫಿ ತೋಟದಲ್ಲಿ ಕೆಲಸ ಮಾಡುವ, 30 ವರ್ಷದಿಂದ ಬೀಡಿ ಸೇದುವ 58 ವರ್ಷದ ಒಬ್ಬರಿಗೆ ಒಂದು ದಿನ ಮೂತ್ರ ಕೆಂಪಗೆ ಹೋಗುತ್ತದೆ. ನೋವಿಲ್ಲ, ಜ್ವರವಿಲ್ಲ. 'ಉಷ್ಣ ಆಗಿದೆ' ಎಂದು ಎಳನೀರು, ಜೀರಿಗೆ ನೀರು ಕುಡಿಯುತ್ತಾರೆ. ಎರಡು ದಿನದಲ್ಲಿ ಮೂತ್ರದ ಬಣ್ಣ ಸರಿಯಾಗುತ್ತದೆ. ವಾಸಿಯಾಯಿತು ಎಂದುಕೊಳ್ಳುತ್ತಾರೆ.

ಮೋಸ ಹೋಗುವುದು ಇಲ್ಲಿಯೇ. ಮೂತ್ರಕೋಶದ ಗಡ್ಡೆಯಿಂದ ರಕ್ತ ಬಿಟ್ಟುಬಿಟ್ಟು ಬರುತ್ತದೆ. ಅದು ನಿಂತದ್ದು ಎಳನೀರಿನಿಂದಲ್ಲ, ನಿಲ್ಲುವುದು ಅದರ ಸ್ವಭಾವ. ನೋವಿಲ್ಲದೆ ರಕ್ತ ಬರುವುದೇ ಈ ಕ್ಯಾನ್ಸರಿನ ಸಾಮಾನ್ಯ ಮೊದಲ ಲಕ್ಷಣ. ಸೋಂಕು, ಕಲ್ಲುಗಳಿಂದಲೂ ರಕ್ತ ಬರಬಹುದು. ಬೀಟ್‌ರೂಟ್ ತಿಂದರೂ ಮೂತ್ರ ಕೆಂಪಾಗಬಹುದು. ನಿಜವಾಗಿ ರಕ್ತವೇ ಎಂದು ಮೂತ್ರ ಪರೀಕ್ಷೆ ತಿಳಿಸುತ್ತದೆ. ನಂತರ ಸ್ಕ್ಯಾನಿಂಗ್. ಸಣ್ಣ ಗಡ್ಡೆ ಸ್ಕ್ಯಾನಿಂಗ್‌ನಲ್ಲಿ ಕಾಣದಿರಬಹುದು. ಹಾಗಾಗಿ ಇಂಥವರಲ್ಲಿ ವೈದ್ಯರು ಸಣ್ಣ ಕ್ಯಾಮೆರಾ ಕೊಳವೆಯಿಂದ ಮೂತ್ರಕೋಶದ ಒಳಗೆ ನೋಡುತ್ತಾರೆ. ಇದೇ ಸಿಸ್ಟೋಸ್ಕೋಪಿ. ಎದೆ ಎಕ್ಸ್‌ರೇಯಲ್ಲಿ ಇದಾವುದೂ ಕಾಣದು.

ಉಳಿದೆರಡು ಕ್ಯಾನ್ಸರ್

ಮೇದೋಜ್ಜೀರಕ ಗ್ರಂಥಿ ಹೊಟ್ಟೆಯ ಹಿಂಭಾಗದಲ್ಲಿ ಆಳವಾಗಿ ಇರುವುದರಿಂದ ಅಲ್ಲಿನ ಗಡ್ಡೆ ಬೇಗ ತಿಳಿಯುವುದಿಲ್ಲ. ಸೇದುವವರಲ್ಲಿ ಈ ಅಪಾಯ ಹೆಚ್ಚುಕಡಿಮೆ ಎರಡು ಪಟ್ಟು. ಕಾರಣವಿಲ್ಲದೆ ತೂಕ ಇಳಿಯುವುದು, ಕಣ್ಣು ಹಳದಿಯಾಗುವುದು, ಬೆನ್ನಿಗೆ ಹಬ್ಬುವ ಹೊಟ್ಟೆನೋವು ಕಂಡರೆ 'ಗ್ಯಾಸ್ಟ್ರಿಕ್' ಎಂದು ಮಾತ್ರೆ ನುಂಗುತ್ತಾ ಕೂರಬೇಡಿ.

ಗರ್ಭಕಂಠದ ಕ್ಯಾನ್ಸರಿನ ಲೆಕ್ಕ ಬೇರೆ. ಬಹುತೇಕ ಎಲ್ಲ ಪ್ರಕರಣಗಳಿಗೂ ಮೂಲ ಎಚ್‌ಪಿವಿ ವೈರಸ್. ಹೆಚ್ಚಿನ ಮಹಿಳೆಯರಲ್ಲಿ ದೇಹವೇ ಈ ವೈರಸನ್ನು ಹೊರದೂಡುತ್ತದೆ. ಸೇದುವ ಮಹಿಳೆಯರ ಗರ್ಭಕಂಠದ ಲೋಳೆಯಲ್ಲಿ ತಂಬಾಕಿನ ರಾಸಾಯನಿಕಗಳು ಸಿಕ್ಕಿವೆ. ಅವು ಅಲ್ಲಿನ ಕಾವಲು ಕೋಶಗಳನ್ನು ದುರ್ಬಲಗೊಳಿಸುವುದರಿಂದ ವೈರಸ್ ಉಳಿದುಕೊಳ್ಳುತ್ತದೆ. ಅಂದರೆ ಇಲ್ಲಿ ಹೊಗೆ ವೈರಸ್‌ನ ಜೊತೆಗಾರ. ಹಾಗಾಗಿ 'ನಾನು ಸೇದುವುದಿಲ್ಲ' ಎಂದು ಯಾವ ಮಹಿಳೆಯೂ ಗರ್ಭಕಂಠದ ತಪಾಸಣೆ ಬಿಡುವಂತಿಲ್ಲ.

ಬಿಟ್ಟರೆ ಏನಾಗುತ್ತದೆ?

ಅಪಾಯ ಇಳಿಯುತ್ತದೆ, ಆದರೆ ನಿಧಾನವಾಗಿ. ಮೇದೋಜ್ಜೀರಕ ಗ್ರಂಥಿಯ ಅಪಾಯ ಸೇದದವರ ಹತ್ತಿರಕ್ಕೆ ಬರಲು ಸುಮಾರು 20 ವರ್ಷ ಬೇಕು. ಮೂತ್ರಕೋಶದ ಅಪಾಯವೂ ಹಲವು ವರ್ಷ ಉಳಿಯುತ್ತದೆ. ಆದ್ದರಿಂದ ಹತ್ತು ವರ್ಷದ ಹಿಂದೆಯೇ ಬೀಡಿ ಬಿಟ್ಟವರೂ ಮೂತ್ರದಲ್ಲಿ ರಕ್ತ ಕಂಡರೆ ಒಮ್ಮೆಗೇ ಪರೀಕ್ಷೆ ಮಾಡಿಸಿಕೊಳ್ಳಬೇಕು. ಮೊದಲ ಮೂತ್ರ ಪರೀಕ್ಷೆಗೆ ಬೆಂಗಳೂರಿನ ಕಿದ್ವಾಯಿಗೇ ಹೋಗಬೇಕಿಲ್ಲ, ಹತ್ತಿರದ ಸರ್ಕಾರಿ ಆಸ್ಪತ್ರೆ ಸಾಕು. ತಂಬಾಕು ಬಿಡಲು ನೆರವಿಗೆ ಉಚಿತ ಸಹಾಯವಾಣಿ 1800-11-2356.

ತೀರ್ಮಾನ: ಎದೆ ಎಕ್ಸ್‌ರೇ ತೋರಿಸುವುದು ಎದೆಯನ್ನು ಮಾತ್ರ. ಅಲ್ಲಿಯೂ ಸಣ್ಣ ಗಡ್ಡೆ ತಪ್ಪಿಸಿಕೊಳ್ಳಬಹುದು. ಹೀಗಾಗಿ ನಾವು ಪರಿಶೀಲಿಸಿದ ಈ ಹೇಳಿಕೆ ತಪ್ಪು. ಇಂಥ ಸಂದೇಶ ನಿಮ್ಮ ಗ್ರೂಪಿಗೆ ಬಂದರೆ ಮುಂದಕ್ಕೆ ಕಳಿಸಬೇಡಿ.