ಕೆಂಪು ಬಟ್ಟೆ ಎಲ್ಲಿ ಹೋಯಿತು?

ಕಾನೂನು ಕಾಲೇಜಿನಲ್ಲಿ ನಾನು ಟಾರ್ಟ್ ಪಾಠ ಮಾಡುತ್ತೇನೆ. ಒಬ್ಬರ ತಪ್ಪಿನಿಂದ ಇನ್ನೊಬ್ಬರಿಗೆ ಹಾನಿಯಾದಾಗ ಪರಿಹಾರ ಕೊಡಿಸುವ ಕಾನೂನು ಅದು. ಅದರಲ್ಲಿ ದೊಡ್ಡ ಪಾಲು ನಿರ್ಲಕ್ಷ್ಯದ್ದು. ಕಳೆದ ಕಿರುಪರೀಕ್ಷೆಯಲ್ಲಿ ಇಪ್ಪತ್ತು ಅಂಕಕ್ಕೆ ಕೊಟ್ಟ ಪ್ರಶ್ನೆ ಹೀಗಿತ್ತು.

ಗುತ್ತಿಗೆದಾರನೊಬ್ಬ ನೀರಿನ ಪೈಪ್ ಹಾಕಲು ರಸ್ತೆಗೆ ಅಡ್ಡಲಾಗಿ ಮೂರು ಅಡಿ ಆಳ ಅಗೆಯುತ್ತಾನೆ. ಸಂಜೆ ಕೆಲಸ ನಿಲ್ಲಿಸುವಾಗ ಎರಡು ಕಲ್ಲಿಟ್ಟು, ನಡುವೆ ಕೋಲು ನೆಟ್ಟು, ಅದಕ್ಕೊಂದು ಕೆಂಪು ಬಟ್ಟೆ ಕಟ್ಟಿ ಹೋಗುತ್ತಾನೆ. ಆ ರಾತ್ರಿ ಬೀದಿದೀಪ ಉರಿದಿಲ್ಲ. ಎಂಟೂವರೆಗೆ ಹೆಲ್ಮೆಟ್ ಹಾಕದೆ ಸ್ಕೂಟರಿನಲ್ಲಿ ಬಂದ ಮಹಿಳೆ ಗುಂಡಿಗೆ ಬೀಳುತ್ತಾರೆ. ಮಣಿಕಟ್ಟು ಮುರಿಯುತ್ತದೆ. ಆಕೆಗೆ ಮೊದಲೇ ಮೂಳೆ ಸವೆತ ಇದ್ದದ್ದರಿಂದ ಆರು ತಿಂಗಳಾದರೂ ಕೈ ಕೂಡಿಕೊಂಡಿಲ್ಲ. ಗುತ್ತಿಗೆದಾರನ ಮೇಲೂ ಕೆಲಸ ಕೊಟ್ಟ ನಗರಪಾಲಿಕೆಯ ಮೇಲೂ ಆಕೆ ದಾವೆ ಹೂಡುತ್ತಾರೆ. ಗೆಲ್ಲುತ್ತಾರೆಯೇ?

ಪತ್ರಿಕೆ ತಿದ್ದಲು ಕೂರುವ ಮುಂಚೆ ನಾನು ರೂಬ್ರಿಕ್ ಬರೆದುಕೊಳ್ಳುತ್ತೇನೆ. ನಮ್ಮ ಹಿರಿಯರು ಅದನ್ನು ಸ್ಕೀಮ್ ಎನ್ನುತ್ತಿದ್ದರು. ಈ ಪ್ರಶ್ನೆಗೆ ಹಂಚಿಕೆ ಹೀಗೆ: ಎಚ್ಚರ ವಹಿಸುವ ಕರ್ತವ್ಯ ಇತ್ತೇ ಎಂಬುದಕ್ಕೆ 4 ಅಂಕ, ಆ ಕರ್ತವ್ಯ ಮುರಿಯಿತೇ ಎಂಬುದಕ್ಕೆ 6, ಹಾನಿ ಅದರಿಂದಲೇ ಆಯಿತೇ ಮತ್ತು ಎಷ್ಟು ಹಾನಿಗೆ ಹೊಣೆ ಎಂಬುದಕ್ಕೆ 5, ಮಹಿಳೆಯದೇ ತಪ್ಪಿದೆಯೇ ಎಂಬುದಕ್ಕೆ 3, ಪಾಲಿಕೆಯ ಹೊಣೆಗೆ 2.

ಒಬ್ಬ ಹುಡುಗನ ಉತ್ತರ ಐದು ಪುಟ ಇತ್ತು. ಅಕ್ಷರ ಮುದ್ದಾಗಿತ್ತು, ಮೊಕದ್ದಮೆಗಳ ಹೆಸರಿಗೆಲ್ಲ ಅಡಿಗೆರೆ ಇತ್ತು. ರೂಬ್ರಿಕ್ ಇಲ್ಲದೆ ಓದಿದ್ದರೆ ಹದಿಮೂರೋ ಹದಿನಾಲ್ಕೋ ಹಾಕಿಬಿಡುತ್ತಿದ್ದೆ. ಶೀರ್ಷಿಕೆಗೊಂದರಂತೆ ತಿದ್ದಿದಾಗ ಬಂದದ್ದು ಒಂಬತ್ತು.

ಮೊದಲ ಎರಡು ಪುಟ ಪೂರ್ತಿ 1932ರ ಡೊನೊಹ್ಯು ಮೊಕದ್ದಮೆಗೆ ಹೋಗಿತ್ತು. ಸ್ಕಾಟ್ಲೆಂಡಿನ ಪೇಸ್ಲಿ ಊರಿನಲ್ಲಿ ಜಿಂಜರ್ ಬಿಯರ್ ಬಾಟಲಿಯೊಳಗೆ ಬಸವನಹುಳು ಇತ್ತೆಂಬ ದೂರಿನಿಂದ ಹುಟ್ಟಿದ ಕಥೆ ಅದು. ನಮ್ಮ ಕೆಲಸದಿಂದ ಯಾರಿಗೆ ತೊಂದರೆಯಾದೀತೆಂದು ಊಹಿಸಬಹುದೋ ಅವರೆಲ್ಲ ಕಾನೂನಿನ ಕಣ್ಣಲ್ಲಿ ನೆರೆಯವರು ಎಂಬ ತತ್ವ ಅಲ್ಲಿಂದ ಬಂತು. ಹುಡುಗ ಬರೆದದ್ದೆಲ್ಲ ಸರಿ. ನಾಲ್ಕಕ್ಕೆ ನಾಲ್ಕು ಕೊಟ್ಟೆ. ಆದರೆ ರಸ್ತೆ ಅಗೆದವನಿಗೆ ಆ ರಸ್ತೆಯಲ್ಲಿ ಬರುವವರ ಬಗ್ಗೆ ಕರ್ತವ್ಯ ಇದೆ ಎಂಬುದರಲ್ಲಿ ಜಗಳವೇ ಇಲ್ಲ. ಅದಕ್ಕೆ ನಾಲ್ಕು ಸಾಲು ಸಾಕಿತ್ತು. ಪಾಠವಾದದ್ದನ್ನು ಒಪ್ಪಿಸುವಲ್ಲಿ ಅರ್ಧ ಹೊತ್ತು ಕಳೆದದ್ದರಿಂದ ಜಗಳ ಇರುವ ಕಡೆ ಬರೆಯಲು ಅವನಿಗೆ ಸಮಯ ಉಳಿಯಲಿಲ್ಲ.

ಜಗಳ ಇದ್ದದ್ದು ಎರಡನೆಯ ಶೀರ್ಷಿಕೆಯಲ್ಲಿ. ಅಲ್ಲಿ ಅವನು ಬರೆದದ್ದು ಇಷ್ಟು: ‘ಗುತ್ತಿಗೆದಾರನು ಸೂಕ್ತ ಎಚ್ಚರಿಕೆ ವಹಿಸಲಿಲ್ಲ. ಆದ್ದರಿಂದ ಕರ್ತವ್ಯ ಉಲ್ಲಂಘನೆಯಾಗಿದೆ.’ ಓದಿದರೆ ತಪ್ಪೇನೂ ಕಾಣುವುದಿಲ್ಲ. ಆದರೆ ಎರಡನೆಯ ವಾಕ್ಯ ಮೊದಲನೆಯದನ್ನೇ ಬೇರೆ ಮಾತಿನಲ್ಲಿ ಹೇಳುತ್ತಿದೆ. ನಡುವೆ ಇರಬೇಕಾದ ‘ಏಕೆಂದರೆ’ ಇಲ್ಲ. ಬಲಹೀನ ವಾದವನ್ನು ಗುರುತಿಸಲು ನಾನು ಒಂದು ಉಪಾಯ ಮಾಡುತ್ತೇನೆ: ಆ ವಾಕ್ಯವನ್ನು ಎತ್ತಿ ಬೇರೊಂದು ಪ್ರಶ್ನೆಯ ಉತ್ತರದಲ್ಲಿಟ್ಟು ನೋಡುತ್ತೇನೆ. ಗುತ್ತಿಗೆದಾರನ ಬದಲು ವೈದ್ಯ ಎಂದೋ ಬಸ್ ಚಾಲಕ ಎಂದೋ ಹಾಕಿದರೂ ಅದು ಹೊಂದಿಕೊಂಡರೆ, ಈ ಪ್ರಶ್ನೆಯ ಸಂಗತಿಗಳನ್ನು ಅದು ಮುಟ್ಟಿಯೇ ಇಲ್ಲ ಎಂದರ್ಥ.

ಅಂಚಿನಲ್ಲಿ ನಾನು ಬರೆದೆ: ‘ಕೆಂಪು ಬಟ್ಟೆ ಎಲ್ಲಿ ಹೋಯಿತು?’

ಗುತ್ತಿಗೆದಾರ ಏನೂ ಮಾಡದೆ ಹೋದವನಲ್ಲ. ಕಲ್ಲಿಟ್ಟಿದ್ದ, ಬಟ್ಟೆ ಕಟ್ಟಿದ್ದ. ಅವನ ವಕೀಲರು ಹಿಡಿಯುವುದು ಅದನ್ನೇ. ಹಾಗಾಗಿ ಉತ್ತರದಲ್ಲಿ ಆ ಬಟ್ಟೆಯನ್ನು ತೂಗಬೇಕು. ಅಪಾಯ ಸಂಭವಿಸುವ ಸಾಧ್ಯತೆ ಎಷ್ಟು, ಸಂಭವಿಸಿದರೆ ಪೆಟ್ಟು ಎಷ್ಟು ದೊಡ್ಡದು, ತಪ್ಪಿಸಲು ತಗಲುವ ಖರ್ಚು ಎಷ್ಟು ಎಂದು ನ್ಯಾಯಾಲಯ ನೋಡುತ್ತದೆ. ಕೆಂಪು ಬಟ್ಟೆ ಹಗಲಿನ ಗುರುತು. ಕತ್ತಲಲ್ಲಿ ಅದು ಕಪ್ಪು ಬಟ್ಟೆಯೇ. ರಾತ್ರಿ ವಾಹನ ಓಡಾಡುತ್ತವೆಂದು ಅವನಿಗೆ ಗೊತ್ತಿತ್ತು. ಒಂದು ದೀಪಕ್ಕೋ ಹೊಳೆಯುವ ಪಟ್ಟಿಗೋ ಆಗುವ ಖರ್ಚು ಮುರಿದ ಕೈಯ ಮುಂದೆ ಏನೂ ಅಲ್ಲ.

ಇದಕ್ಕೆ ಹತ್ತಿರದ ಮೊಕದ್ದಮೆಯೂ ಇದೆ. ಲಂಡನ್ನಿನಲ್ಲಿ ಹೇಲಿ ಎಂಬ ಅಂಧರು ಬಿಳಿ ಕೋಲು ಹಿಡಿದು ಕಾಲುದಾರಿಯಲ್ಲಿ ಹೋಗುತ್ತಿದ್ದರು. ವಿದ್ಯುತ್ ಮಂಡಳಿಯವರು ಅಗೆದ ಕಾಲುವೆಗೆ ಉದ್ದ ಹಿಡಿಯ ಸುತ್ತಿಗೆಯೊಂದನ್ನು ಅಡ್ಡ ಇಟ್ಟಿದ್ದರು. ಅದು ಕೋಲಿಗೆ ಸಿಗಲಿಲ್ಲ. ಎಡವಿ ಬಿದ್ದ ಹೇಲಿಯವರು ಕಿವಿಯನ್ನೂ ಕಳೆದುಕೊಂಡರು. ಕಣ್ಣಿದ್ದವರಿಗೆ ಆ ತಡೆ ಸಾಕಿತ್ತು. ಆದರೆ ಅಂಧರೂ ಬೀದಿಯಲ್ಲಿ ನಡೆಯುತ್ತಾರೆಂಬುದು ಯಾರಿಗೂ ತಿಳಿದ ಸಂಗತಿ, ಅವರಿಗೂ ಸಾಲುವ ತಡೆ ಬೇಕಿತ್ತು ಎಂದು ಹೌಸ್ ಆಫ್ ಲಾರ್ಡ್ಸ್ 1964ರಲ್ಲಿ ಹೇಳಿತು. ಎಚ್ಚರಿಕೆ ಕೊಟ್ಟೆ ಎಂದರೆ ಸಾಲದು, ಬರುವವರಿಗೆ ಅದು ತಲುಪಬೇಕು. ಇದನ್ನು ರಾತ್ರಿಯ ಸ್ಕೂಟರಿಗೆ ಅನ್ವಯಿಸಿದ್ದರೆ ಆರಕ್ಕೆ ಐದು ಧಾರಾಳವಾಗಿ ಸಿಗುತ್ತಿತ್ತು. ಹುಡುಗನಿಗೆ ಸಿಕ್ಕಿದ್ದು ಎರಡು.

ಹಾನಿಯ ಶೀರ್ಷಿಕೆಯಲ್ಲಿ, ಗುಂಡಿಗೆ ಬಿದ್ದದ್ದರಿಂದ ಕೈ ಮುರಿಯಿತು ಎಂದಿದ್ದ. ಬೇಕಿದ್ದದ್ದು ಬೇರೆ: ದೀಪ ಇಟ್ಟಿದ್ದರೆ ಆಕೆ ಬೀಳುತ್ತಿರಲಿಲ್ಲವೇ? ಗುಂಡಿ ತೋಡಿದ್ದು ತಪ್ಪಲ್ಲ, ಕಾಣದಂತೆ ಬಿಟ್ಟದ್ದು ತಪ್ಪು. ಹಾನಿಯನ್ನು ಗಂಟು ಹಾಕಬೇಕಾದದ್ದು ಆ ತಪ್ಪಿಗೆ. ಮೂಳೆ ಸವೆತದ ಮಾತೇ ಇರಲಿಲ್ಲ. ಪ್ರಶ್ನೆಯಲ್ಲಿ ಆ ಸಾಲು ಸುಮ್ಮನೆ ಬಂದದ್ದಲ್ಲ. ಕಾದ ಲೋಹದ ಹನಿ ತಗುಲಿ ಕಾರ್ಮಿಕನೊಬ್ಬನ ತುಟಿ ಸುಟ್ಟು, ಮೊದಲೇ ಒಳಗಿದ್ದ ದೋಷದಿಂದ ಅದು ಕ್ಯಾನ್ಸರಿಗೆ ತಿರುಗಿ ಅವನು ತೀರಿಕೊಂಡಾಗ ಇಂಗ್ಲೆಂಡಿನ ನ್ಯಾಯಾಲಯ ಮಾಲೀಕರನ್ನೇ ಹೊಣೆ ಮಾಡಿತು. ಪೆಟ್ಟು ತಿಂದವರು ಹೇಗಿದ್ದರೋ ಹಾಗೆಯೇ ಅವರನ್ನು ಒಪ್ಪಿಕೊಳ್ಳಬೇಕೆಂಬುದು ನಿಯಮ. ಐದಕ್ಕೆ ಎರಡು ಕೊಟ್ಟೆ.

ಹೆಲ್ಮೆಟ್ ವಿಷಯವನ್ನು ಅವನು ಕಂಡಿದ್ದ. ‘ಹೆಲ್ಮೆಟ್ ಹಾಕದಿರುವುದು ಕಾನೂನುಬಾಹಿರ, ಆದ್ದರಿಂದ ಪರಿಹಾರ ಕಡಿಮೆಯಾಗಬೇಕು’ ಎಂದು ಬರೆದಿದ್ದ. ತರಗತಿಯಲ್ಲಿ ಬಹುಪಾಲು ಜನ ಎಡವಿದ್ದು ಇಲ್ಲಿಯೇ. ಮುರಿದದ್ದು ಮಣಿಕಟ್ಟು. ಹೆಲ್ಮೆಟ್ ಇದ್ದಿದ್ದರೂ ಅದು ಮುರಿಯುತ್ತಿತ್ತು. 2020ರಲ್ಲಿ ಮೊಹಮ್ಮದ್ ಸಿದ್ದಿಕ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟು ಇದೇ ಎಳೆಯನ್ನು ಬಿಡಿಸಿದೆ: ಬೈಕಿನಲ್ಲಿ ಮೂವರು ಕೂತದ್ದು ನಿಯಮಭಂಗವೇ ಇರಬಹುದು, ಆದರೆ ಅಪಘಾತಕ್ಕೋ ಗಾಯಕ್ಕೋ ಅದು ಕಾರಣವಾಗದಿದ್ದರೆ ಆ ನೆಪದಲ್ಲಿ ಪರಿಹಾರ ಕಡಿತ ಮಾಡುವಂತಿಲ್ಲ. ವಿಷಯ ಗುರುತಿಸಿದ್ದಕ್ಕೆ ಒಂದು ಅಂಕ ಕೊಟ್ಟು, ‘ಯಾವ ಗಾಯ?’ ಎಂದು ಬರೆದೆ.

ಪಾಲಿಕೆಯ ಬಗ್ಗೆ ಒಂದಕ್ಷರವಿರಲಿಲ್ಲ; ಸೊನ್ನೆ. ಜನ ಓಡಾಡುವ ರಸ್ತೆ ಅಗೆಯುವಂಥ ಅಪಾಯದ ಕೆಲಸದಲ್ಲಿ, ಗುತ್ತಿಗೆಗೆ ಕೊಟ್ಟೆವೆಂದು ಕೆಲಸ ಮಾಡಿಸಿದವರು ಕೈ ತೊಳೆದುಕೊಳ್ಳುವಂತಿಲ್ಲ ಎಂದಷ್ಟು ಬರೆದಿದ್ದರೂ ಒಂದು ಅಂಕ ಬರುತ್ತಿತ್ತು.

ಇಷ್ಟೆಲ್ಲ ಆದ ಮೇಲೆ ಇನ್ನೊಬ್ಬ ವಿದ್ಯಾರ್ಥಿನಿಯ ಪತ್ರಿಕೆಯಲ್ಲಿ ಒಂದು ಸಾಲು ಸಿಕ್ಕಿತು: ‘ಸ್ಕೂಟರಿನ ಹೆಡ್‌ಲೈಟ್ ಬೆಳಕಿಗೆ ಗುಂಡಿ ಕಾಣಬೇಕಿತ್ತಲ್ಲವೇ? ವೇಗ ಎಷ್ಟಿತ್ತು?’ ಇದು ನನ್ನ ರೂಬ್ರಿಕ್ಕಿನಲ್ಲಿ ಇರಲಿಲ್ಲ, ಇರಬೇಕಿತ್ತು. ಮಹಿಳೆಯದೇ ತಪ್ಪು ಎಂಬ ವಾದಕ್ಕೆ ಹೆಲ್ಮೆಟ್ಟಿಗಿಂತ ಗಟ್ಟಿಯಾದ ಆಧಾರ ಇದು. ರೂಬ್ರಿಕ್ ತಿದ್ದಿ, ಆಗಲೇ ಅಂಕ ಹಾಕಿದ್ದ ಪತ್ರಿಕೆಗಳನ್ನೆಲ್ಲ ಆ ಒಂದು ಶೀರ್ಷಿಕೆಗಾಗಿ ಮತ್ತೆ ತೆಗೆದೆ.

ನಮ್ಮ ಹುಡುಗನ ನಾಲ್ಕನೆಯ ಪುಟದ ಕೆಳಗೆ, ಮೊದಲ ಸಲ ಗಮನಿಸದಿದ್ದ ಒಂದು ಸಾಲು ಇತ್ತು. ‘ಹೆಡ್‌ಲೈಟ್ ಇತ್ತೇ?’ ಎಂದು ಬರೆದು, ಅವನೇ ಗೆರೆ ಎಳೆದು ಹೊಡೆದುಹಾಕಿದ್ದ. ನೋಟ್ಸಿನಲ್ಲಿ ಇಲ್ಲದ್ದು ಬರೆಯಬಾರದೆಂದುಕೊಂಡನೋ ಏನೋ. ಹೊಡೆದುಹಾಕಿದ ಸಾಲಿಗೆ ಅಂಕ ಕೊಡುವಂತಿಲ್ಲ. ಅದರ ಪಕ್ಕದಲ್ಲಿ ಬರೆದೆ: ‘ಇದನ್ನು ಏಕೆ ಅಳಿಸಿದೆ? ನಾಳೆ ಬಂದು ಕಾಣು.’