ಕಣ್ಣನ್ನಲ್ಲ, ಗಡಿಯಾರ ನೋಡಿ

ಬಲಗಣ್ಣಿನ ಸುತ್ತ ಚಾಕು ಇರಿದಂಥ ನೋವು. ಅದೇ ಕಣ್ಣು ಕೆಂಪಾಗಿ ನೀರು ಸುರಿಸುತ್ತದೆ, ಅದೇ ಕಡೆಯ ಮೂಗು ಕಟ್ಟುತ್ತದೆ. 10 ನಿಮಿಷಕ್ಕೆ ಎಲ್ಲ ಮಾಯ. 2 ಗಂಟೆ ಕಳೆದರೆ ಮತ್ತೆ ಹಾಜರು. ಎಡಗಡೆ ಮಾತ್ರ ಏನೂ ಇಲ್ಲ.

ಇದನ್ನು ಕ್ಲಸ್ಟರ್ ತಲೆನೋವು ಅಂದುಕೊಳ್ಳುವುದು ಸುಲಭ. ಕಣ್ಣೀರು, ಮೂಗು ಕಟ್ಟುವುದು ಅಲ್ಲೂ ಹೀಗೇ. ಆದರೆ ಕ್ಲಸ್ಟರ್ ನೋವು 15 ನಿಮಿಷದಿಂದ 3 ಗಂಟೆವರೆಗೂ ಕಾಡುತ್ತದೆ, ದಿನಕ್ಕೆ ಹೆಚ್ಚೆಂದರೆ 8 ಸಲ. ಹೀಗೇ ಕಾಣುವ ಇನ್ನೊಂದು ತಲೆನೋವು ಪ್ಯಾರಾಕ್ಸಿಸ್ಮಲ್ ಹೆಮಿಕ್ರೇನಿಯಾ. ಅದು ಇರುವುದು 2ರಿಂದ 30 ನಿಮಿಷ, ಬರುವುದು ಸಾಮಾನ್ಯವಾಗಿ ದಿನಕ್ಕೆ 5ಕ್ಕಿಂತ ಹೆಚ್ಚು ಸಲ.

20 ನಿಮಿಷದ ನೋವು ದಿನಕ್ಕೆ 6 ಸಲ ಬಂದರೆ? ಆಗ ಗಡಿಯಾರವೂ ಸೋಲುತ್ತದೆ. ತೀರ್ಪು ಕೊಡುವುದು ಇಂಡೊಮೆಥಾಸಿನ್ ಎಂಬ ಹಳೆಯ ಔಷಧ. ತಕ್ಕ ಪ್ರಮಾಣ ಮುಟ್ಟಿದರೆ ಹೆಮಿಕ್ರೇನಿಯಾ ಪೂರ್ತಿ ನಿಲ್ಲುತ್ತದೆ. ಕ್ಲಸ್ಟರ್ ಸಾಮಾನ್ಯವಾಗಿ ಇದಕ್ಕೆ ಜಗ್ಗುವುದಿಲ್ಲ. ಅದಕ್ಕೆ ಆಮ್ಲಜನಕ, ಸುಮಾಟ್ರಿಪ್ಟಾನ್. ಇಂಡೊಮೆಥಾಸಿನ್ ಕಡಿಮೆ ಪ್ರಮಾಣದಲ್ಲಿ ಕೊಟ್ಟು, ಕೆಲಸ ಮಾಡಲಿಲ್ಲ ಅಂತ ಕೈಬಿಟ್ಟರೆ ಪರೀಕ್ಷೆಯೇ ಸುಳ್ಳಾಗುತ್ತದೆ.

ಹಾಗಂತ ಮೆಡಿಕಲ್ ಶಾಪಿನಲ್ಲಿ ಕೇಳಿ ನುಂಗಬೇಡಿ. ಇದು ಹೊಟ್ಟೆಯಲ್ಲಿ ಹುಣ್ಣು ಮಾಡಬಲ್ಲದು, ಮೂತ್ರಪಿಂಡಕ್ಕೂ ಪೆಟ್ಟು ಕೊಡಬಲ್ಲದು. ಒಂದು ವಾರ ನೋವು ಶುರುವಾದ, ನಿಂತ ಹೊತ್ತು ಬರೆದಿಟ್ಟು ನರರೋಗ ತಜ್ಞರಿಗೆ ತೋರಿಸಿ.