ಒಂಬತ್ತು ಗಾಜಿನ ಚೂರುಗಳ ಲೆಕ್ಕ

ಅಪರಾಧ ನಡೆದ ಜಾಗದಲ್ಲಿ ಸಿಕ್ಕ ಗಾಜಿನ ಚೂರು ಮನೆಯ ಕಿಟಕಿಯದೋ, ಕಾರಿನ ಹೆಡ್‌ಲೈಟಿನದೋ, ಊಟದ ಮೇಜಿನ ಪಾತ್ರೆಯದೋ? ಬ್ರಿಟನ್ನಿನ ವಿಧಿವಿಜ್ಞಾನ ಸೇವೆಯವರು ಇಂಥ 214 ಚೂರುಗಳ ವಕ್ರೀಭವನ ಸೂಚ್ಯಂಕವನ್ನೂ ಅವುಗಳಲ್ಲಿರುವ ಸೋಡಿಯಂ, ಕ್ಯಾಲ್ಸಿಯಂ ಮೊದಲಾದವುಗಳ ಪ್ರಮಾಣವನ್ನೂ ದಾಖಲಿಸಿದ್ದರು. 1987ರಲ್ಲಿ ಎಲ್ಲರಿಗೂ ಲಭ್ಯವಾದ ಆ ಪಟ್ಟಿಯನ್ನು ಮಷಿನ್ ಲರ್ನಿಂಗ್ ಕಲಿಯುವವರು ಇಂದಿಗೂ ಬಳಸುತ್ತಾರೆ. ಅದರಲ್ಲಿ ಕಟ್ಟಡದ ಕಿಟಕಿ ಗಾಜೇ ಎರಡು ಬಗೆಯದು: ಒಂದು 70, ಇನ್ನೊಂದು 76. ಊಟದ ಮೇಜಿನ ಗಾಜು ಮಾತ್ರ ಬರೀ 9.

ಮಾದರಿ ನಿಜಕ್ಕೂ ಕಲಿತಿದೆಯೇ ಎಂದು ತಿಳಿಯಲು ಡೇಟಾದ ಒಂದು ಪಾಲನ್ನು ಅದರ ಕಣ್ಣಿಗೆ ಬೀಳದಂತೆ ತೆಗೆದಿಡಬೇಕು. ಶೇ. 20ರಷ್ಟು ಎಂದರೆ 43 ಚೂರು. ಇವನ್ನು ಚೀಟಿ ಎತ್ತಿದಂತೆ ಆರಿಸಿದರೆ ಊಟದ ಮೇಜಿನ ಗಾಜು ಎಷ್ಟು ಬರಬಹುದು? ಸರಾಸರಿ 1.8. ಆದರೆ ಒಂದೂ ಬಾರದಿರುವ ಸಂಭವವೇ ಸುಮಾರು ಶೇ. 13. ಒಂದೇ ಬರುವ ಸಂಭವ ಇನ್ನೊಂದು ಶೇ. 30. ಒಂದೂ ಬರದಿದ್ದರೆ, ಈ ಗಾಜನ್ನು ಗುರುತಿಸಲೇ ಬಾರದ ಮಾದರಿಯೂ ನೂರಕ್ಕೆ ನೂರು ಅಂಕ ಪಡೆಯಬಹುದು. ತಪ್ಪು ಹಿಡಿಯುವ ಪ್ರಶ್ನೆಯೇ ಪತ್ರಿಕೆಯಲ್ಲಿಲ್ಲ. ಬದಲಿಗೆ ನಾಲ್ಕೈದು ಪರೀಕ್ಷೆಯ ಪಾಲಿಗೆ ಹೋದರೆ, ಕಲಿಯಲು ಉಳಿಯುವುದೇ ನಾಲ್ಕೈದು. ಕಿಟಕಿ ಗಾಜಿಗೆ ಈ ಏರಿಳಿತ ತಟ್ಟುವುದಿಲ್ಲ: 76ರಲ್ಲಿ ಮೂರು ಹೆಚ್ಚುಕಡಿಮೆಯಾದರೂ ಅನುಪಾತ ಅಷ್ಟಾಗಿ ಕೆಡದು.

ಸ್ಟ್ರಾಟಿಫೈಡ್ ಸ್ಪ್ಲಿಟ್ ಈ ಅದೃಷ್ಟದಾಟಕ್ಕೆ ಕಡಿವಾಣ ಹಾಕುತ್ತದೆ. ಮೊದಲು ಚೂರುಗಳನ್ನು ಬಗೆವಾರು ಗುಂಪು ಮಾಡಿ, ಆಮೇಲೆ ಪ್ರತಿ ಗುಂಪಿನೊಳಗೆ ಅದೇ ಅನುಪಾತದಲ್ಲಿ ಎತ್ತುತ್ತದೆ. ಪೈಥಾನ್‌ನ ಸೈಕಿಟ್-ಲರ್ನ್‌ನಲ್ಲಿ ಅದಕ್ಕೆ ಒಂದೇ ಪದ ಸೇರಿಸಿದರೆ ಸಾಕು:

```python
train_test_split(X, y, test_size=0.2, stratify=y)
```

ಈಗ ಒಂಬತ್ತರಲ್ಲಿ ಎರಡು ಪರೀಕ್ಷೆಗೆ, ಏಳು ಕಲಿಕೆಗೆ. ಎಷ್ಟು ಸಲ ವಿಭಜಿಸಿದರೂ ಅಷ್ಟೇ. ಯಾವ ಎರಡು ಎಂಬುದು ಮಾತ್ರ ಆಕಸ್ಮಿಕ. ಯಾವುದೇ ಬಗೆಯದು ಒಂದೇ ಒಂದು ಮಾದರಿಯಿದ್ದರೆ ಈ ಸಾಲು ನಡೆಯದು, ದೋಷ ತೋರಿಸಿ ನಿಲ್ಲುತ್ತದೆ. ಒಂದನ್ನು ಎರಡೂ ಕಡೆ ಹಂಚುವುದು ಹೇಗೆ?

ಸರಳ ವಿಭಜನೆ ಕೈಕೊಟ್ಟಿದೆಯೇ ಎಂದು ತಿಳಿಯಲು ಒಟ್ಟು ಅಂಕ ನೋಡಿ ಪ್ರಯೋಜನವಿಲ್ಲ. ಎರಡೂ ಪಾಲುಗಳಲ್ಲಿ ಯಾವ ಬಗೆ ಎಷ್ಟಿದೆ ಎಂದು ಎಣಿಸಬೇಕು. `y_train.value_counts()` ಮತ್ತು `y_test.value_counts()` ಅದನ್ನೇ ಹೇಳುತ್ತವೆ.

ಆದರೂ ಅನುಪಾತ ಸರಿಯಾದ ಮಾತ್ರಕ್ಕೆ ಮಾಹಿತಿ ಹೆಚ್ಚುವುದಿಲ್ಲ. ಎರಡೇ ಚೂರುಗಳ ಪರೀಕ್ಷೆಯಲ್ಲಿ ಫಲಿತಾಂಶ ಶೇ. 0, 50 ಅಥವಾ 100, ನಡುವೆ ಮತ್ತೊಂದಿಲ್ಲ. ಹಾಗಾಗಿ ಇಡೀ ಪಟ್ಟಿಯನ್ನು ಇದೇ ಕ್ರಮದಲ್ಲಿ ಐದು ಪಾಲು ಮಾಡಿ, ಸರದಿಯಂತೆ ಒಂದೊಂದನ್ನು ಪರೀಕ್ಷೆಗೆ ಬಳಸುವುದು ವಾಸಿ. ಆಗ ಒಂಬತ್ತೂ ಚೂರುಗಳು ಒಂದೊಂದು ಸಲ ಪರೀಕ್ಷೆಗೆ ಬರುತ್ತವೆ. ವರದಿಯಲ್ಲಿ ‘ಶೇ. 67’ ಎಂದು ಬರೆಯುವುದಕ್ಕಿಂತ ‘9ರಲ್ಲಿ 6’ ಎಂದು ಬರೆದರೆ, ಆ ಅಂಕವನ್ನು ಎಷ್ಟರಮಟ್ಟಿಗೆ ನಂಬಬಹುದೆಂದು ಓದುಗರೇ ಅಳೆದುಕೊಳ್ಳುತ್ತಾರೆ.